ಗಿರಾಕಿ ಇಲ್ಲದೆ ಪೋರ್ಟ್‌ಫೋಲಿಯೋ ಹೇಗೆ?

ಬದಿಯಡ್ಕದಿಂದ: ವೆಬ್ ಡಿಸೈನ್ ಕಲಿತು ಆರು ತಿಂಗಳಾಯಿತು. ಹೋದಲ್ಲೆಲ್ಲ "ಹಿಂದೆ ಮಾಡಿದ ಕೆಲಸ ತೋರಿಸಿ" ಅಂತಾರೆ. ಕೆಲಸ ಕೊಟ್ಟವರೇ ಇಲ್ಲ, ಏನು ತೋರಿಸಲಿ?

ಮುಳ್ಳೇರಿಯದಿಂದ: ತಮ್ಮಾ, ನನ್ನ ಮೊದಲ ಮಾದರಿ ಕೆಲಸ ನಮ್ಮೂರ ಬಸ್ಸಿನ ಸಮಯದ ಪುಟ. ಸ್ಟ್ಯಾಂಡಿನಲ್ಲಿ ಒಬ್ಬರು ಅಜ್ಜಿ ಮಲಯಾಳದ ಬೋರ್ಡ್ ಓದಲಾಗದೆ ಸಿಕ್ಕಿದವರನ್ನೆಲ್ಲ ಕೇಳುತ್ತಿದ್ದರು. ಅದನ್ನೇ ಹಿಡಿದುಕೊಂಡೆ.

ಕನ್ನಡ, ಮಲಯಾಳ ಎರಡರಲ್ಲೂ ಪುಟ ಮಾಡಿ, ನೆರೆಕರೆಯ ಐದು ಜನರ ಕೈಗೆ ಫೋನ್ ಕೊಟ್ಟೆ. "ಕಾಸರಗೋಡಿಗೆ ಮುಂದಿನ ಬಸ್ ಯಾವಾಗ?" ಅಂತ ಕೇಳಿ ಸುಮ್ಮನೆ ನೋಡುತ್ತ ಕುಳಿತೆ. ಮೂವರು ತಡಕಾಡಿದರು. ನಾನು ಇಡೀ ದಿನದ ಪಟ್ಟಿ ಹಾಕಿದ್ದೆ, ಅವರಿಗೆ ಬೇಕಾದ್ದು ಮುಂದಿನ ಬಸ್ ಮಾತ್ರ. ಒತ್ತಕ್ಷರಗಳು ಬೇರೆ ಕೆಳಗಿನ ಸಾಲಿಗೆ ತಾಗುತ್ತಿದ್ದವು. ಮುಂದಿನ ಮೂರು ಬಸ್ ಮೇಲೆ ತಂದೆ, `line-height` ಅನ್ನು 1.2ರಿಂದ 1.7ಕ್ಕೆ ಏರಿಸಿದೆ.

ಕೇಸ್ ಸ್ಟಡಿಯಲ್ಲಿ ಬರೆದದ್ದು ಇಷ್ಟೇ: ತೊಂದರೆ ಯಾರದ್ದು, ಮೊದಲು ಏನು ಮಾಡಿದೆ, ಜನ ಎಲ್ಲಿ ಎಡವಿದರು, ಏನು ಬದಲಿಸಿದೆ. ಹಳೆಯ, ಹೊಸ ಪುಟದ ಚಿತ್ರ ಪಕ್ಕಪಕ್ಕ ಇಟ್ಟೆ. "ಯಾರೂ ಹೇಳಿ ಮಾಡಿಸಿದ್ದಲ್ಲ, ನನ್ನದೇ ಮಾದರಿ ಕೆಲಸ" ಅಂತ ಮೇಲೆಯೇ ಹಾಕಿದೆ. ಸಮಯ ಬರೆದುಕೊಂಡ ತಾರೀಕನ್ನೂ ಹಾಕಿದೆ, ಯಾರಾದರೂ ಅದನ್ನು ನಂಬಿ ಬಸ್ ತಪ್ಪಿಸಿಕೊಳ್ಳಬಾರದಲ್ವಾ? ಮಂಗಳೂರಿನ ಸಂದರ್ಶನದಲ್ಲಿ ಜಾಸ್ತಿ ಹೊತ್ತು ಕೇಳಿದ್ದು ಆ ಮೂವರು ತಡಕಾಡಿದ ಬಗ್ಗೆಯೇ.

ಉಪ್ಪಳದಿಂದ: ಗಿಟ್‌ಹಬ್ ಪೇಜಸ್‌ನಲ್ಲಿ ಉಚಿತವಾಗಿ ಹಾಕಬಹುದು. ಆದರೆ ಒಂದು ಪುಟ ಸಾಲದು, ಹದಿನೈದಾದರೂ ಬೇಕು. ದೊಡ್ಡ ಕಂಪನಿಗಳ ಸೈಟ್ ಹೊಸದಾಗಿ ಡಿಸೈನ್ ಮಾಡಿ ಹಾಕಿಬಿಡಿ.

ಮುಳ್ಳೇರಿಯದಿಂದ: ಗಿಟ್‌ಹಬ್ ಸರಿ ಅಣ್ಣಾ, ಹದಿನೈದು ಬೇಡ. ಒಳಗಿನ ಲೆಕ್ಕ ಗೊತ್ತಿಲ್ಲದ ಕಂಪನಿಯ ಸೈಟಿನಲ್ಲಿ ಬಣ್ಣ ಬದಲಿಸಬಹುದು, ಯಾಕೆ ಬದಲಿಸಿದೆ ಅಂದರೆ ಉತ್ತರ ಇರುವುದಿಲ್ಲ. ಚೆನ್ನಾಗಿ ಬರೆದ ಮೂರು ಸಾಕು. ರೆಪಾಸಿಟರಿಗೆ `username.github.io` ಅಂತ ಹೆಸರಿಡಿ, `username` ಜಾಗದಲ್ಲಿ ನಿಮ್ಮ ಖಾತೆಯ ಹೆಸರು. ಮೊದಲ ಪುಟ `index.html`. ಒಂದು ಎಚ್ಚರ: ಫೈಲ್ `Photo.JPG` ಆಗಿದ್ದು ಕೋಡಿನಲ್ಲಿ `photo.jpg` ಅಂತಿದ್ದರೆ ವಿಂಡೋಸಿನಲ್ಲಿ ಚಿತ್ರ ಕಾಣುತ್ತದೆ, ಅಲ್ಲಿ ಹಾಕಿದ ಮೇಲೆ ಕಾಣುವುದಿಲ್ಲ.

ಕುಂಬಳೆಯಿಂದ: ನಾನು ಮದುವೆ ಕಾಗದ ಡಿಸೈನ್ ಮಾಡುವವಳು. ಫೋಟೋಶಾಪಿನಲ್ಲಿ ಕನ್ನಡದ ಒತ್ತು ಒಡೆದು ಬರುತ್ತಿತ್ತು, ಸೆಟ್ಟಿಂಗ್ ಬದಲಿಸಿದ ಮೇಲೆ ಸರಿಯಾಯಿತು. ಅದೂ ಕೇಸ್ ಸ್ಟಡಿ ಆಗುತ್ತದಾ?

ಮುಳ್ಳೇರಿಯದಿಂದ: ಖಂಡಿತ ಅಕ್ಕಾ. ಒಡೆದ ಅಕ್ಷರದ ಚಿತ್ರ ಇದ್ದರೆ ಅದನ್ನೂ ಇಡಿ. ಮದುಮಕ್ಕಳ ಹೆಸರು, ಫೋನ್ ನಂಬರ್ ಮಾತ್ರ ಬದಲಿಸಿ.

ಮಂಜೇಶ್ವರದಿಂದ: ಮಾದರಿಗಿಂತ ಪರಿಚಯದ ಅಂಗಡಿಗೆ ಒಂದು ಸೈಟ್ ಪುಕ್ಕಟೆ ಮಾಡಿಕೊಡುವುದೇ ಒಳ್ಳೆಯದು. ನನಗೆ ಎರಡನೇ ಗಿರಾಕಿ ಸಿಕ್ಕಿದ್ದು ಹಾಗೆಯೇ.

ಮುಳ್ಳೇರಿಯದಿಂದ: ನಾನೂ ಮಾಡಿ ನೋಡಿದೆ. ನಾಲ್ಕು ತಿಂಗಳು ತಿದ್ದುಪಡಿ ಮುಗಿಯಲಿಲ್ಲ, ಕೊನೆಗೆ ಸೈಟ್ ಹೊರಗೆ ಬರಲೇ ಇಲ್ಲ.

ಮಂಜೇಶ್ವರದಿಂದ: ಎಷ್ಟು ಪುಟ, ಎಷ್ಟು ಸಲ ತಿದ್ದುಪಡಿ ಅಂತ ಮೊದಲೇ ಬರೆದುಕೊಳ್ಳಬೇಕಿತ್ತು.

ಬದಿಯಡ್ಕದಿಂದ: ಅಕ್ಕಾ, ನನ್ನ ಪುಟದಲ್ಲಿ ಎರಡು ಚಿತ್ರ ಕಾಣದೆ ವಾರವಾಗಿತ್ತು. ಈಗ ನೋಡಿದೆ, ಎರಡರಲ್ಲೂ `.JPG` ದೊಡ್ಡಕ್ಷರದಲ್ಲಿದೆ.