ಎಕ್ಸ್‌ಬಾಕ್ಸ್‌ನಲ್ಲಿ ನ್ಯಾಟ್ ಸ್ಟ್ರಿಕ್ಟ್: ಬೆಂಗಳೂರಿನವನು ಸಿಗ್ತಾನೆ, ಸಾಗರದವನು ಸಿಗಲ್ಲ

ತುಂಗಾತೀರ: ತೀರ್ಥಹಳ್ಳಿ ಹತ್ತಿರ ನಮ್ಮ ಮನೆ. ಸೀರೀಸ್ ಎಸ್ ಇದೆ. ಒಂದು ವಾರದಿಂದ ತಲೆ ಕೆಟ್ಟುಹೋಗಿದೆ. ಲಾಬಿಯಲ್ಲಿ ಹತ್ತು ನಿಮಿಷ ಕಾದರೂ ಯಾರೂ ಸೇರುವುದಿಲ್ಲ. ಬೆಂಗಳೂರಿನ ಗೆಳೆಯನ ಜೊತೆ ಆಡಬಹುದು, ಸಾಗರದ ಭಾವನ ಜೊತೆ ಆಗುವುದೇ ಇಲ್ಲ. ಸೆಟ್ಟಿಂಗ್‌ನಲ್ಲಿ `NAT type: Strict` ಅಂತಿದೆ. ಸ್ಪೀಡ್ 80 ಬರುತ್ತದೆ, ಮತ್ತಿನ್ನೇನು ಬೇಕು ಇದಕ್ಕೆ?

ಅಡಕೆಗೊನೆ: ರೂಟರಿನಲ್ಲಿ ಯುಡಿಪಿ 3074 ಪೋರ್ಟ್ ಫಾರ್ವರ್ಡ್ ಮಾಡಿ. ಮುಗೀತು.

ತುಂಗಾತೀರ: ಮಾಡಿದ್ದೇನೆ ಮಾರಾಯ್ರೆ. ಎರಡು ಸಲ.

ಅಡಕೆಗೊನೆ: ಹಾಗಾದ್ರೆ ಕನ್ಸೋಲಿನ ಐಪಿ ಬದಲಾಗಿರುತ್ತದೆ. ಅದನ್ನು ಕಾಯಂ ಮಾಡಿ ಮತ್ತೆ ಹಾಕಿ. ನಂದು ಸರಿಹೋಗಿದ್ದೇ ಹೀಗೆ.

ಮಳೆಗಾಲ_ಗೇಮರ್: ಕರೆಂಟ್ ಹೋಗಿ ಬಂದಾಗ ನಂದೂ ಹೀಗೇ ಆಡ್ತಿತ್ತು. ಈಗ ರೂಟರ್, ಕನ್ಸೋಲ್, ಟಿವಿ ಎಲ್ಲದಕ್ಕೂ ಸೇರಿ 150 ಎಎಚ್ ಬ್ಯಾಟರಿ. ಆಷಾಢದಲ್ಲೂ ಆಟ ನಿಲ್ಲಲ್ಲ!

ಕೊಡಚಾದ್ರಿ: ಬ್ಯಾಟರಿ ಇಲ್ಲಿ ಯಾಕೆ ಬಂತು? ಭಾವ ಸಿಗಲ್ಲ ಅನ್ನುವುದೇ ಸುಳಿವು. ಇಂಥ ಆಟಗಳಲ್ಲಿ ಕನ್ಸೋಲುಗಳು ನೇರ ಮಾತಾಡುತ್ತವೆ. ಸ್ಟ್ರಿಕ್ಟ್ ಇದ್ದವನಿಗೆ ಓಪನ್ ಇದ್ದವನು ಮಾತ್ರ ಸಿಗುತ್ತಾನೆ. ಆ ಕಡೆಯ ದಣಪೆ ತೆರೆದಿರುತ್ತದಲ್ಲ, ನೀವೇ ಹೋಗಿ ಸೇರುತ್ತೀರಿ. ಎರಡೂ ಕಡೆ ದಣಪೆ ಹಾಕಿದ್ದರೆ ಯಾರೂ ಒಳಗೆ ಬರಲಾಗುವುದಿಲ್ಲ. ಭಾವನದು ಮಾಡರೇಟ್ ಆಗಿದ್ದರೂ ನಿಮಗೆ ಸಿಗಲ್ಲ. ರೂಟರಿನ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ ಏನಿದೆ?

ತುಂಗಾತೀರ: 192.168.1.4.

ಕೊಡಚಾದ್ರಿ: ಅದು ಹೊರಗಿನ ಐಪಿ ಅಲ್ಲ, ಇನ್ನೊಂದು ರೂಟರ್ ಕೊಟ್ಟ ಒಳಗಿನ ಐಪಿ ಇದ್ದ ಹಾಗಿದೆ. ಮನೆಯಲ್ಲಿ ಎರಡು ರೂಟರ್ ಇದೆಯಾ?

ತುಂಗಾತೀರ: ಹೌದು, ಫೈಬರಿನವರು ಜಗಲಿಯಲ್ಲಿ ಹಾಕಿದ ಡಬ್ಬಿ ಒಂದು. ಅದರ ವೈಫೈ ಮಾಳಿಗೆಗೆ ಬರಲ್ಲ, ಹಾಗಾಗಿ ಮೇಲೆ ನಂದೊಂದು. ಅದನ್ನೂ ಹೇಳಬೇಕಿತ್ತಾ?

ಕೊಡಚಾದ್ರಿ: ಅದನ್ನೇ ಹೇಳಬೇಕಿತ್ತು! ನೀವು ಪೋರ್ಟ್ ತೆರೆದದ್ದು ಮೇಲಿನದರಲ್ಲಿ, ತಡೆಯುತ್ತಿರುವುದು ಕೆಳಗಿನ ಡಬ್ಬಿ. ಮೇಲಿನದನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿ. ಆ ಮೋಡ್ ಇಲ್ಲದಿದ್ದರೆ ಡಿಎಚ್‌ಸಿಪಿ ಆಫ್ ಮಾಡಿ, ಕೇಬಲ್ಲನ್ನು ವ್ಯಾನ್ ಬದಲು ಲ್ಯಾನ್ ಪೋರ್ಟಿಗೆ ಚುಚ್ಚಿ. ಆಮೇಲೆ ಜಗಲಿ ಡಬ್ಬಿಯಲ್ಲಿ ಯುಪಿಎನ್‌ಪಿ ಆನ್ ಮಾಡಿ, ಕನ್ಸೋಲ್ ಪೂರ್ತಿ ಆಫ್ ಮಾಡಿ ಹಚ್ಚಿ.

ತುಂಗಾತೀರ: ಮಾಡಿದೆ. ಡಬಲ್ ನ್ಯಾಟ್ ಅಂತ ಬರುತ್ತಿದ್ದ ಎಚ್ಚರಿಕೆ ಹೋಯಿತು. ಸ್ಟ್ರಿಕ್ಟ್ ಹಾಗೇ ಇದೆ. ಜಗಲಿ ಡಬ್ಬಿಯ ವ್ಯಾನ್ ಐಪಿ 100.72ರಿಂದ ಶುರುವಾಗುತ್ತದೆ.

ಅಡಕೆಗೊನೆ: ಡಿಎಂಜೆಡ್ ಹಾಕಿ ನೋಡಿ. ಇಲ್ಲಾಂದ್ರೆ 3074 ಮತ್ತೊಮ್ಮೆ.

ಕೊಡಚಾದ್ರಿ: ಅಣ್ಣಾ, 3074 ಬಿಡಿ. 100.64ರಿಂದ 100.127ರವರೆಗಿನದು ಕಂಪನಿಯವರ ಒಳಗಿನ ಐಪಿ, ಸಿಜಿನ್ಯಾಟ್. ಒಂದೇ ಹೊರಗಿನ ಐಪಿಯನ್ನು ಎಷ್ಟೋ ಮನೆಗೆ ಹಂಚಿರುತ್ತಾರೆ. ಮನೆಯೊಳಗೆ ಏನು ತೆರೆದರೂ ಅವರ ಕಡೆ ತೆರೆಯುವುದಿಲ್ಲ. ಪಬ್ಲಿಕ್ ಐಪಿ ಕೇಳಿ. ಅಥವಾ ಭಾವನಿಗೆ ಓಪನ್ ಮಾಡಿಕೊಳ್ಳಲು ಹೇಳಿ, ಒಂದು ಕಡೆ ತೆರೆದರೆ ಸಾಕು.

ಅಡಕೆಗೊನೆ: ನಂದೂ 100ರಿಂದಲೇ ಶುರು, ಆದ್ರೂ ಮಾಡರೇಟ್ ಬರುತ್ತದೆ. ಅದಕ್ಕೇನಂತೀರಿ?

ಕೊಡಚಾದ್ರಿ: ಎಲ್ಲರ ಸಿಜಿನ್ಯಾಟ್ ಒಂದೇ ಥರ ಇರಲ್ಲ. ಕೆಲವರದು ಸ್ವಲ್ಪ ಸಡಿಲ.

ಮಳೆಗಾಲ_ಗೇಮರ್: ಯಾರಿಗಾದರೂ ಬ್ಯಾಟರಿ ವೈರಿಂಗ್ ಫೋಟೋ ಬೇಕಾ?

ತುಂಗಾತೀರ: ಲೈನಿನವರಿಗೆ ಫೋನ್ ಮಾಡಿದೆ. ಪಬ್ಲಿಕ್ ಐಪಿ ಅಂದರೆ ಏನು ಅಂತ ನನ್ನನ್ನೇ ಕೇಳಿದರು. ಭಾವನಿಗೆ ಅವನ ವ್ಯಾನ್ ಐಪಿ ನೋಡು ಅಂದಿದ್ದೇನೆ, ಇನ್ನೂ ಕಳಿಸಿಲ್ಲ.