ಅಪ್‌ಡೇಟ್: ಕಥೆಯ ಪ್ಯಾರಾದಲ್ಲಿ ಕಾಲ ಜಾರುವುದು ಸರಿಹೋಯಿತು

ನಾನು ಕೇಳಿದ್ದು: "ಘಟನೆ ಬದಲಾಗದೆ, ಭೂತ-ವರ್ತಮಾನ ಬೆರೆತ ಪ್ಯಾರಾವನ್ನು ಪೂರ್ತಿ ಭೂತಕಾಲಕ್ಕೆ ತರುವುದು ಹೇಗೆ?"

ಪ್ಯಾರಾ ಹೀಗಿತ್ತು:

"ಸುಮಾ ಮೆಜೆಸ್ಟಿಕ್‌ನಲ್ಲಿ ಇಳಿದಳು. ಮಳೆ ಸುರಿಯುತ್ತಿದೆ. ಛತ್ರಿ ಬಿಚ್ಚಿ, ಮಲ್ಲೇಶ್ವರಕ್ಕೆ ಹೋಗುವ ಬಸ್ಸು ಹುಡುಕುತ್ತಾಳೆ. ಒಂದೂ ಕಾಣುವುದಿಲ್ಲ. 'ಲೇಟಾಗ್ತಿದೆ' ಎಂದು ಗೊಣಗಿದಳು."

ಕೆಲಸ ಮಾಡಿದ್ದು ವಾಕ್ಯದ ಕೊನೆಯ ಕ್ರಿಯಾಪದಕ್ಕೆ ಮಾತ್ರ ಗೆರೆ ಎಳೆಯಿರಿ ಎಂಬ ಸಲಹೆ. ಕನ್ನಡದಲ್ಲಿ ಕಥೆಯ ಕಾಲ ನಿಲ್ಲುವುದು ಅಲ್ಲೇ. 'ಬಿಚ್ಚಿ', 'ಹೋಗುವ' ಎಂಬಂಥವು ಆ ಕೊನೆಯ ಕ್ರಿಯಾಪದವನ್ನೇ ನೆಚ್ಚಿಕೊಂಡಿರುತ್ತವೆ, ಅವನ್ನು ಮುಟ್ಟಬೇಕಿಲ್ಲ. 'ಹೋಗುವ'ವನ್ನು 'ಹೋದ' ಮಾಡಿದರೆ ಬಸ್ಸು ಆಗಲೇ ಹೊರಟುಹೋದಂತಾಗಿ ಘಟನೆಯೇ ಬದಲಾಗುತ್ತದೆ! ಗೆರೆ ಎಳೆದ ಮೇಲೆ ತಿದ್ದಬೇಕಾದದ್ದು ಮೂರೇ:

"ಸುಮಾ ಮೆಜೆಸ್ಟಿಕ್‌ನಲ್ಲಿ ಇಳಿದಳು. ಮಳೆ ಸುರಿಯುತ್ತಿತ್ತು. ಛತ್ರಿ ಬಿಚ್ಚಿ, ಮಲ್ಲೇಶ್ವರಕ್ಕೆ ಹೋಗುವ ಬಸ್ಸು ಹುಡುಕಿದಳು. ಒಂದೂ ಕಾಣಲಿಲ್ಲ. 'ಲೇಟಾಗ್ತಿದೆ' ಎಂದು ಗೊಣಗಿದಳು."

ಮಳೆಗೆ 'ಸುರಿಯಿತು' ಎಂದರೆ ಅವಳು ಇಳಿದ ಮೇಲೆ ಸುರಿದಂತೆ ಕೇಳುತ್ತದೆ, ಆದ್ದರಿಂದ 'ಸುರಿಯುತ್ತಿತ್ತು'. ಸುಮಾ ಆಡಿದ ಮಾತು ಅವಳ ಆ ಹೊತ್ತಿನದು, ಹಾಗೇ ಇರಬೇಕು.

'ತ್ತಾಳೆ' ಹುಡುಕಿ ಒಟ್ಟಿಗೆ ಬದಲಿಸುವ ಸಲಹೆ ಫಲಿಸಲಿಲ್ಲ. 'ಬರುತ್ತಾಳೆ' 'ಬಂದಳು' ಆಗುತ್ತದೆ, 'ನಿಲ್ಲುತ್ತಾಳೆ' 'ನಿಂತಳು'. ಒಂದೇ ಪ್ರತ್ಯಯ ಎಲ್ಲಕ್ಕೂ ಕೂರುವುದಿಲ್ಲ. ಜೊತೆಗೆ 'ಸುರಿಯುತ್ತಿದೆ', 'ಕಾಣುವುದಿಲ್ಲ' ಆ ಹುಡುಕಾಟಕ್ಕೆ ಸಿಗುವುದೇ ಇಲ್ಲ.

ನನಗೆ ಅಚ್ಚರಿಯಾದದ್ದು 'ಇಲ್ಲ'. 'ಗೊತ್ತಿಲ್ಲ', 'ಸುಳಿವಿಲ್ಲ' ಓದುವಾಗ ಕಣ್ಣು ತಪ್ಪಿಸುತ್ತವೆ. ಭೂತಕಾಲದ ನಿರೂಪಣೆಯಲ್ಲಿ ಅವು 'ಗೊತ್ತಿರಲಿಲ್ಲ', 'ಸುಳಿವಿರಲಿಲ್ಲ' ಆಗಬೇಕು. ಇವನ್ನು ಮಾತ್ರ ಹುಡುಕಲು ಇನ್ನೊಂದು ಸುತ್ತು ಓದುವುದು ಒಳ್ಳೆಯದು.