ಸಭೆ ನಡೆಯಲಿಲ್ಲ, ನೋಟಿಸ್ ಬಂದಿದೆ: ಕಾಂಪೌಂಡಿಂಗ್ ಬೇಕೇ, ಬೇಡವೇ?

ಪ್ರಶ್ನೆ (ಮಂಡ್ಯ, ಬೆಲ್ಲದ ಕಂಪನಿಯ ನಿರ್ದೇಶಕರು): ನಮ್ಮದು ಸಣ್ಣ ಕಂಪನಿ. 2022–23ರ ವಾರ್ಷಿಕ ಸಭೆ ನಡೆಸಲಿಲ್ಲ, ಲೆಕ್ಕಪತ್ರಗಳ AOC-4, ವಾರ್ಷಿಕ ವಿವರಗಳ MGT-7A ಎರಡನ್ನೂ ಸಲ್ಲಿಸಲಿಲ್ಲ. ಸಭೆಯ ಗಡುವು ಮುಗಿದು 410 ದಿನವಾಗಿದೆ. ಎರಡೂ ಫಾರ್ಮ್‌ಗಳ ಬಗ್ಗೆ ರಿಜಿಸ್ಟ್ರಾರ್ ಅವರ ನೋಟಿಸ್ ಬಂದು 12 ದಿನವಾಯಿತು. ಹಣ ಕಟ್ಟಿ ಪ್ರಕರಣ ಇತ್ಯರ್ಥಪಡಿಸಿಕೊಳ್ಳಲು ಎಲ್ಲಕ್ಕೂ ಒಂದೇ ಕಾಂಪೌಂಡಿಂಗ್ ಅರ್ಜಿ ಸಾಕೇ?

ಕಂಪನಿ ಸೆಕ್ರೆಟರಿ, ಮೈಸೂರು: ಸಾಲದು. ಫಾರ್ಮ್‌ಗಳ ಲೋಪ ಕಂಪನಿ ಕಾಯ್ದೆಯ 454ನೇ ಸೆಕ್ಷನ್‌ನ ಅಡ್ಜುಡಿಕೇಶನ್‌ಗೆ, ಅಂದರೆ ಅಧಿಕಾರಿಯೇ ದಂಡ ನಿರ್ಧರಿಸುವ ವಿಚಾರಣೆಗೆ ಹೋಗುತ್ತದೆ. ಸಭೆಯ ಲೋಪ ಮಾತ್ರ 441ರ ಕಾಂಪೌಂಡಿಂಗ್‌ಗೆ. ಮೊದಲು ಫಾರ್ಮ್‌ಗಳನ್ನು ನೋಡಿ. ನೋಟಿಸ್ ಹೊರಡಿಸಿದ 30 ದಿನದೊಳಗೆ ಸಲ್ಲಿಸಿದರೆ ಅವುಗಳಿಗೆ ದಂಡ ವಿಧಿಸುವಂತಿಲ್ಲ, ಪ್ರಕರಣವೇ ಮುಗಿಯುತ್ತದೆ. ನೋಟಿಸ್ ಹೊರಡಿಸಿದ ದಿನವೇ ಕೈಸೇರಿದ್ದರೆ ನಿಮಗೆ ಇನ್ನು 18 ದಿನ ಉಳಿದಿವೆ. ಸಭೆ ಆಗಿಲ್ಲವೆಂದು ಕಾಯಬೇಡಿ. ಸಭೆ ನಡೆಯದ ಕಾರಣಗಳ ಹೇಳಿಕೆಯೊಂದಿಗೆ ಆಡಿಟ್ ಆದ, ಸಹಿ ಮಾಡಿದ ಲೆಕ್ಕಪತ್ರಗಳನ್ನು ಸಲ್ಲಿಸಲು ಕಾನೂನೇ ಅವಕಾಶ ಕೊಟ್ಟಿದೆ. ದಿನಕ್ಕೆ 100 ರೂಪಾಯಿಯ ವಿಳಂಬ ಶುಲ್ಕ ಮಾತ್ರ ತಪ್ಪದು: 380 ದಿನ ತಡವಾದ AOC-4ಕ್ಕೆ 38,000. ಗಡುವು ಮೀರಿದರೆ ಅದರ ಮೇಲೆ ಕಂಪನಿಗೆ ಇಂದಿನ ಲೆಕ್ಕದಲ್ಲೇ 48,000 ದಂಡ. ಸಣ್ಣ ಕಂಪನಿಯಾದ್ದರಿಂದ ಅರ್ಧ, ಅಂದರೆ 24,000.

ನನಗೆ ನಿಜವಾದ ಆತಂಕ ಇರುವುದು ಸಭೆಯ ವಿಷಯದಲ್ಲಿ. ಅದಕ್ಕೆ ಒಂದು ಲಕ್ಷದವರೆಗೆ ದಂಡವಿದೆ, ಲೋಪ ಮುಂದುವರಿದರೆ ದಿನಕ್ಕೆ 5,000ದವರೆಗೆ ಸೇರುತ್ತದೆ. ಈ ದಂಡಕ್ಕೆ ಸಣ್ಣ ಕಂಪನಿಯ ರಿಯಾಯಿತಿ ಇಲ್ಲ. ಇಂದಿಗೆ ಗರಿಷ್ಠ ಮೊತ್ತ 21.5 ಲಕ್ಷವಾಗಿದೆ. ಅಷ್ಟನ್ನೂ ವಿಧಿಸುತ್ತಾರೆಂದಲ್ಲ, ಆದರೆ ಗರಿಷ್ಠವು 25 ಲಕ್ಷ ದಾಟಿದರೆ ಕಾಂಪೌಂಡಿಂಗ್ ಮಾಡುವ ಪ್ರಾದೇಶಿಕ ನಿರ್ದೇಶಕರ ಅಧಿಕಾರ ಮುಗಿದು, ಕಡತ ಕಂಪನಿ ನ್ಯಾಯಮಂಡಳಿಯಾದ ಎನ್‌ಸಿಎಲ್‌ಟಿಗೆ ಹೋಗಬೇಕಾಗುತ್ತದೆ. ಆ ಗೆರೆಗೆ 70 ದಿನವಷ್ಟೇ ಉಳಿದಿದೆ. ಬೇಗ ಸಭೆ ನಡೆಸಿ, ಬಳಿಕ GNL-1 ಫಾರ್ಮ್ ಮೂಲಕ ಕಾಂಪೌಂಡಿಂಗ್ ಅರ್ಜಿ ಹಾಕಿ.

ಸದಸ್ಯರು, ಶ್ರೀರಂಗಪಟ್ಟಣ: ಹಳೆಯ ತಾರೀಖು ಹಾಕಿ ನಡಾವಳಿ ಬರೆದರೆ ಸಾಕೆಂದು ವಾಟ್ಸಾಪ್‌ನಲ್ಲಿ ಬಂದಿತ್ತಲ್ಲ, ಸಾರ್?

ಕಂಪನಿ ಸೆಕ್ರೆಟರಿ: ದಯವಿಟ್ಟು ಆ ಸಂದೇಶವನ್ನು ಅಳಿಸಿ, ಬೇರೆಯವರಿಗೆ ಕಳುಹಿಸಬೇಡಿ. ಸುಳ್ಳು ನಡಾವಳಿ ಆಧರಿಸಿ ಫಾರ್ಮ್ ಸಲ್ಲಿಸಿದರೆ ಅದು 448ರ ಸುಳ್ಳು ಹೇಳಿಕೆ. ಶಿಕ್ಷೆ ವಂಚನೆಯ 447ರದ್ದು. ದಂಡದಲ್ಲಿ ಮುಗಿಯುವ ಲೋಪವನ್ನು ಜೈಲಿನ ಅಪರಾಧವಾಗಿಸಿಕೊಳ್ಳಬೇಡಿ.

ಸದಸ್ಯರು, ಹೆಬ್ಬಾಳ ಕೈಗಾರಿಕಾ ಪ್ರದೇಶ: ಒಮ್ಮೆ ಕಾಂಪೌಂಡಿಂಗ್ ಮಾಡಿಸಿದರೆ ಜೀವನಪೂರ್ತಿ ಮತ್ತೆ ಸಿಗುವುದಿಲ್ಲ, ಎಚ್ಚರ.

ಸದಸ್ಯರು, ಸರಸ್ವತಿಪುರಂ: ತಪ್ಪು. ಅಂಥದೇ ಅಪರಾಧಕ್ಕೆ ಮೂರು ವರ್ಷ ಸಿಗುವುದಿಲ್ಲ, ಅಷ್ಟೇ.

ಹೆಬ್ಬಾಳ: ನನ್ನ ಪ್ರಕರಣದಲ್ಲಿ ವಕೀಲರೇ ಹೀಗೆ ಹೇಳಿದ್ದರು. ಮನೆಯಲ್ಲಿ ಕುಳಿತು ಪಾಠ ಹೇಳಬೇಡಿ.

ಸರಸ್ವತಿಪುರಂ: ಹಾಗಾದರೆ ವಕೀಲರನ್ನೇ ಮತ್ತೊಮ್ಮೆ ಕೇಳಿ, ಇಲ್ಲಿ ಬೇರೆಯವರನ್ನು ದಾರಿ ತಪ್ಪಿಸಬೇಡಿ.

ಸದಸ್ಯರು, ನಂಜನಗೂಡು: ನನ್ನ ಎಲ್‌ಎಲ್‌ಪಿಗೂ ಈ 30 ದಿನ ಅನ್ವಯಿಸುತ್ತದೆಯೇ?

ಸದಸ್ಯರು, ಮದ್ದೂರು: ನಮಗೂ ನೋಟಿಸ್ ಬಂದಿದೆ. ಕಾಂಪೌಂಡಿಂಗ್ ಹಾಕಬಹುದೇ?

ಕಂಪನಿ ಸೆಕ್ರೆಟರಿ: ಮದ್ದೂರಿನವರೇ, ಮೇಲೆ ಉತ್ತರವಿದೆ, ಓದಿ. ನೋಟಿಸ್‌ನಲ್ಲಿರುವ ಸೆಕ್ಷನ್ ಸಂಖ್ಯೆ ತಿಳಿಸದೆ ಯಾರೂ ಪ್ರಶ್ನೆ ಹಾಕಬೇಡಿ. ಮಂಡ್ಯದವರೇ, ಸಭೆಗೆ 21 ದಿನದ ನೋಟಿಸ್ ಬೇಕು. ಕಡಿಮೆ ದಿನ ಸಾಕಾಗಬೇಕಾದರೆ ಮತದಾನದ ಹಕ್ಕುಳ್ಳವರಲ್ಲಿ ಕನಿಷ್ಠ ಶೇ. 95 ಮಂದಿಯ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಫಾರ್ಮ್‌ಗಳ ರಸೀದಿಗಳನ್ನು ನೋಟಿಸ್‌ಗೆ ಕೊಡುವ ಉತ್ತರದ ಜೊತೆ ಲಗತ್ತಿಸಿ.